ತೂತಿಲ್ಲದ ಮುಚ್ಚಳ

ಗಜೇಂದ್ರಗಡದ ಪೇಟೆಯಲ್ಲಿ ಅಂದಾನೆಪ್ಪನವರ ಸ್ಟೀಲ್ ಪಾತ್ರೆ ಅಂಗಡಿಗೆ ವಿದ್ಯಾಶ್ರೀ ಕೆಲಸಕ್ಕೆ ಸೇರಿ ಮೂರು ತಿಂಗಳಾಗಿತ್ತು. ಮೊಬೈಲಿನಲ್ಲಿ ಪಾತ್ರೆಯ ಫೋಟೋ ತೆಗೆಯಬೇಕು, ಚಿತ್ರ ಮಾಡಿಕೊಡುವ ಆ್ಯಪಿಗೆ ಅದನ್ನು ಕೊಟ್ಟು ಜೊತೆಗೆ ಚಿತ್ರ ಹೇಗಿರಬೇಕೆಂದು ಹೇಳುವ ಪ್ರಾಂಪ್ಟ್ ಬರೆಯಬೇಕು, ಬಂದ ಚಿತ್ರವನ್ನು ಆನ್‌ಲೈನ್ ಮಾರಾಟಕ್ಕೆ ಹಾಕಬೇಕು. ಕೇಳಲು ಸುಲಭ. ಆದರೆ ಸ್ಟೀಲ್ ಎನ್ನುವುದು ಕನ್ನಡಿಯ ತಮ್ಮ. ಮೊದಲ ದಿನ ತಂಬಿಗೆಯ ಹೊಟ್ಟೆಯಲ್ಲಿ ಅವಳದೇ ಮುಖ ಕುಂಬಳಕಾಯಿಯಷ್ಟಾಗಿ ಕೂತಿತ್ತು. ಬಿಳಿ ಹಿನ್ನೆಲೆ ಕೇಳಿದರೆ ಪಾತ್ರೆಯ ಅಂಚೇ ಬಿಳಿಯಲ್ಲಿ ಕರಗಿಹೋಗುತ್ತಿತ್ತು.

ತಿದ್ದಿ ತಿದ್ದಿ ಕೊನೆಗೊಂದು ಪ್ರಾಂಪ್ಟ್ ಪಳಗಿತು: ಹಿನ್ನೆಲೆ ಅಚ್ಚ ಬಿಳಿ, ಚೌಕಟ್ಟಿನ ತುಂಬ ಪಾತ್ರೆಯೊಂದೇ, ಎರಡೂ ಬದಿಯಿಂದ ಮೆದು ಬೆಳಕು, ಅಂಚಿಗೆ ತೆಳುವಾದ ಕಪ್ಪು ಗೆರೆ, ಅಡಿಯಲ್ಲಿ ಸಣ್ಣ ನೆರಳು, ಆಕಾರ ಮತ್ತು ಹಿಡಿಕೆ ಫೋಟೋದಲ್ಲಿದ್ದಂತೆಯೇ. ಕೊನೆಗೆ ತನ್ನದೊಂದು ಸಾಲು: ಕಲೆ, ಗೀರು, ತಗ್ಗು, ತೂತು ಏನೂ ಇರಬಾರದು. ಆ ಸಾಲು ನೇಕಾರರ ಮನೆಯದು. ಅವಳ ತಾಯಿ ಕಳಕವ್ವ ನೇಯ್ದ ಸೀರೆಯನ್ನು ಬೆಳಕಿಗೆ ಹಿಡಿದು ತೂತು ಹುಡುಕುವುದನ್ನು ನೋಡುತ್ತಲೇ ಬೆಳೆದವಳಿಗೆ ತೂತು ಎಂದರೆ ತಪ್ಪು, ಅಷ್ಟೇ. ತಂಬಿಗೆ, ಡಬರಿ, ತಾಟು ಎಲ್ಲಕ್ಕೂ ಅದನ್ನೇ ಅಂಟಿಸಿದಳು. ಹೋದ ವಾರ ರೊಟ್ಟಿ ಡಬ್ಬಿಗೂ ಅಂಟಿಸಿದಳು.

ಆ ಡಬ್ಬಿಯ ಮುಚ್ಚಳಕ್ಕೆ ಏಳು ತೂತುಗಳಿದ್ದವು. ಬಿಸಿ ಜೋಳದ ರೊಟ್ಟಿಯ ಉಗಿ ಹೊರಹೋಗಲೆಂದು ಅಂದಾನೆಪ್ಪನವರ ತಂದೆ ಹಾಕಿಕೊಟ್ಟ ರೂಢಿ ಅದು. ಕಾರ್ಖಾನೆಯಿಂದ ಬರುವ ಮುಚ್ಚಳಕ್ಕೆ ತೂತಿರುವುದಿಲ್ಲ. ಅಂಗಡಿಯ ಹಿತ್ತಲಲ್ಲಿ ಕೂತು ಉಳಿಯಿಂದ ಒಂದೊಂದಾಗಿ ಹೊಡೆಯುವವರು ಬಾಷಾಸಾಬರು, ಮೂವತ್ತು ವರ್ಷದಿಂದ ಅದೊಂದೇ ಕೆಲಸ.

ಇವತ್ತು ಬೆಳಿಗ್ಗೆ ಅವಳು ಮೊಬೈಲ್ ತೆರೆದರೆ ಮೂರು ಡಬ್ಬಿ ವಾಪಸು ಬರುತ್ತಿದ್ದವು. ಕಾರಣ ಒಂದೇ: ಚಿತ್ರದಲ್ಲಿ ಮುಚ್ಚಳ ಚೆನ್ನಾಗಿದೆ, ಬಂದದ್ದು ತೂತು ಬಿದ್ದದ್ದು. ಕೆಳಗೆ ಆನ್‌ಲೈನ್ ಮಾರಾಟದ ಕಂಪನಿಯವರ ಎಚ್ಚರಿಕೆ: ವಸ್ತು ಚಿತ್ರದಂತಿಲ್ಲವೆಂದು ಇನ್ನೂ ದೂರು ಬಂದರೆ ಅಂಗಡಿಯ ಎಲ್ಲ ಸಾಮಾನನ್ನೂ ತೆಗೆದುಹಾಕುತ್ತೇವೆ.

ವಿದ್ಯಾಶ್ರೀ ಚಿತ್ರವನ್ನು ದೊಡ್ಡದು ಮಾಡಿ ನೋಡಿದಳು. ಮುಚ್ಚಳ ಹುಣ್ಣಿಮೆ ಚಂದ್ರನಂತೆ ನುಣ್ಣಗಿತ್ತು. ಹೋದ ವಾರ ಅಂಚು, ಹಿಡಿಕೆ, ನೆರಳು ಎಲ್ಲ ನೋಡಿದ್ದಳು, ತೂತು ಎಣಿಸಿರಲಿಲ್ಲ. ಗಣಪನನ್ನು ಮಾಡಹೋಗಿ ಅವರಪ್ಪನನ್ನು ಮಾಡಿಬಿಟ್ಟಿದ್ದಳು. ಅದೇ ಚಿತ್ರ ನೋಡಿ ಕೊಂಡವರ ಮೂವತ್ತೆಂಟು ಡಬ್ಬಿಗಳನ್ನು ಸಂಜೆ ನಾಲ್ಕಕ್ಕೆ ಗಾಡಿಗೆ ಹಾಕಬೇಕಿತ್ತು.

ಗುಟ್ಟಾಗಿ ಚಿತ್ರ ಬದಲಿಸಿಬಿಡಲೇ ಎಂದು ಒಮ್ಮೆ ಅನ್ನಿಸಿತು. ಬದಲಿಸಿದರೂ ಕೊಂಡವರು ನೋಡಿದ್ದು ಹಳೆಯದನ್ನೇ. ಕೊನೆಗೆ ಗಲ್ಲಾದ ಮುಂದೆ ನಿಂತು ಎಲ್ಲ ಹೇಳಿದಳು.

ಅಂದಾನೆಪ್ಪನವರು ಬೈಯಲಿಲ್ಲ. ಬೈದಿದ್ದರೆ ಅವಳಿಗೆ ಹಗುರಾಗುತ್ತಿತ್ತು. ಎದ್ದು ಹಿತ್ತಲಿಗೆ ನಡೆದರು. ಅವಳೂ ಹಿಂದೆ ಓಡಿದಳು. ಬಾಷಾಸಾಬರು ಸಂಜೆ ಹೋಗಬೇಕಾದ ಡಬ್ಬಿಗಳ ಪೆಟ್ಟಿಗೆಯಿಂದ ಮೊದಲ ಮುಚ್ಚಳವನ್ನು ಮರದ ದಿಮ್ಮಿಯ ಮೇಲಿಟ್ಟು ಉಳಿ ಹಿಡಿದಿದ್ದರು.

"ತೂತ ಹೊಡಿಬ್ಯಾಡ್ರಿ ಬಾಷಾಸಾಬ. ಹಿಂಗ ಹೋಗ್ಲಿ," ಎಂದರು ಅಂದಾನೆಪ್ಪನವರು.

ಅವಳ ಮೊದಲ ಉಸಿರು ನೆಮ್ಮದಿಯದು. ಮೂವತ್ತೆಂಟೂ ಚಿತ್ರದಂತೆಯೇ ಹೋಗುತ್ತವೆ, ಅಂಗಡಿ ಉಳಿಯಿತು, ತನ್ನ ಕೆಲಸ ಉಳಿಯಿತು. ಎರಡನೆಯ ಉಸಿರಿಗೆ ಅಂದಾನೆಪ್ಪನವರು ಉಳಿದ ಮಾತು ಆಡಿದರು. ಈ ವಾರ ಅಂಗಡಿಗೆ ಬಂದು ಡಬ್ಬಿ ಒಯ್ದವರು ನಾಲ್ಕೇ ಮಂದಿ, ಮೊಬೈಲಿನಲ್ಲಿ ಕೊಂಡವರು ಮೂವತ್ತೆಂಟು. ಇನ್ನು ಮೇಲೆ ಎಲ್ಲವೂ ತೂತಿಲ್ಲದ್ದೇ.

ವಿದ್ಯಾಶ್ರೀಗೆ ತಡೆಯಲಾಗಲಿಲ್ಲ. "ತಪ್ಪ ನಂದೈತ್ರಿ ಸಾಹುಕಾರ್ರ. ತೂತು ಕಾಣೂ ಹಂಗ ಚಿತ್ರಾ ಈಗ ಮಾಡ್ತೀನ್ರಿ. ಏಳು ತೂತು, ಉಗಿ ಹೋಗಾಕ ಬೇಕಂತನ ಹೊಡದದ್ದು ಅಂತ ಬರೀತೀನಿ."

"ಮಾಡಬಹುದವಾ. ಆದ್ರ ಮಂದಿ ಆರಿಸಿಕೊಂಡದ್ದು ಇದನ್ನ."

ಅಷ್ಟು ಹೇಳಿ ಅವರು ಗಲ್ಲಾಕ್ಕೆ ಹೋದರು. ಅವರ ಮಾತಿನಲ್ಲಿ ಸುಳ್ಳಿರಲಿಲ್ಲ. ತಾನು ಒಂದು ಸಾಲು ಬರೆದದ್ದಕ್ಕೆ ಬಾಷಾಸಾಬರ ಕೈಯ ಕೆಲಸ ಅಳಿಸಿಹೋಗಿತ್ತು. ಮೊದಲು ಚಿತ್ರದಲ್ಲಿ, ಈಗ ಹಿತ್ತಲಲ್ಲಿ.

ಬಾಷಾಸಾಬರು ಮುಚ್ಚಳವನ್ನು ಪಂಚೆಯಿಂದ ಒರೆಸಿ ಪೆಟ್ಟಿಗೆಗೆ ಇಟ್ಟರು. ಉಳಿ, ಸುತ್ತಿಗೆಗಳನ್ನು ಚೀಲಕ್ಕೆ ಹಾಕಿ ಬಾಯಿ ಕಟ್ಟಿದರು. ಸಾಹುಕಾರರು ಅಲ್ಲೇ ಗಲ್ಲಾದಲ್ಲಿದ್ದರು, ಕೂಗಿದರೆ ಕೇಳಿಸುವಷ್ಟು ದೂರ. ಬಾಷಾಸಾಬರು ಅತ್ತ ತಿರುಗಲಿಲ್ಲ. ಮೊಬೈಲ್ ಹಿಡಿದು ನಿಂತಿದ್ದ ಹುಡುಗಿಯನ್ನೇ ಕೇಳಿದರು.

"ತಂಗಿ, ನಾಳಿ ನಾ ಬರೂದೋ, ಬ್ಯಾಡೋ?"