ಬಂಡೆಯಂಚಿನ ಕಲ್ಲು

ಮಗ ಅಫ್ತಾಬನ ಬೈಕು ಘಾಟಿಯ ಇಳಿಜಾರಿನಲ್ಲಿ ಪ್ರಪಾತಕ್ಕೆ ಹಾರಿ ಅವನು ತೀರಿಕೊಂಡಾಗ, ಆ ಅಂಚಿನಲ್ಲಿ ರಸ್ತೆ ಸಮತಟ್ಟಾಗಿದ್ದಿದ್ದರೆ ಪೆಟ್ಟು ಹಗುರಾಗುತ್ತಿತ್ತು ಎಂದಿದ್ದರು ಬಂಧುಗಳು. ಭೌತಶಾಸ್ತ್ರ ಕಲಿಸುವ ಪರ್ವೀನ್ ಮೇಡಂ ಆ ಸುಳ್ಳನ್ನೇ ಎದೆಗವಚಿಕೊಂಡಿದ್ದರು.

ಇಂದು ಶಿವಾಜಿನಗರದ ಟ್ಯೂಷನ್ನಿನಲ್ಲಿ ಈ ಲೆಕ್ಕ ಕೊಡದೆ ವಿಧಿಯಿರಲಿಲ್ಲ: ಐವತ್ತು ಮೀಟರ್ ಎತ್ತರದ ಬಂಡೆಯಂಚಿನಿಂದ ಸೆಕೆಂಡಿಗೆ ಇಪ್ಪತ್ತೈದು ಮೀಟರ್ ವೇಗದಲ್ಲಿ, ಮೂವತ್ತೇಳು ಡಿಗ್ರಿ ಕೆಳಮುಖವಾಗಿ ಎಸೆದ ಕಲ್ಲು.

ವಿದ್ಯಾರ್ಥಿನಿ ಶಿವಾನಿ ಕೋನವನ್ನು ಮೇಲ್ಮುಖವೆಂದು ಹಿಡಿದು, ದೂರ ನೂರು ಮೀಟರ್ ಎಂದು ಬರೆದಳು.

"ಕೆಳಕ್ಕೆ ಕಣಮ್ಮ. ಎರಡೇ ಸೆಕೆಂಡು, ನಲವತ್ತು ಮೀಟರು."

ತಿದ್ದಿದ ಹುಡುಗಿ ಕಣ್ಣರಳಿಸಿದಳು. "ಮೇಡಂ, ಬೀಳೋ ಜಾಗ ಬದಲಾಯ್ತು. ನೆಲಕ್ಕೆ ಬಡಿಯೋ ವೇಗ ಮಾತ್ರ ಎರಡರಲ್ಲೂ ಒಂದೇ, ನಲವತ್ತು ಚಿಲ್ರೆ! ಹೆಂಗೆ ಎಸೆದ್ರೂ ಅಷ್ಟೇನಾ?"

ಪರ್ವೀನ್ ಬೋರ್ಡಿನ ಕಡೆ ತಿರುಗಿದರು.

"ಅಷ್ಟೇ ಕಣಮ್ಮ. ಹೆಂಗೆ ಹೋಗಿದ್ರೂ ಅಷ್ಟೇ."