ದನಿಗೊಂದು ಒಳದಾರಿ

ದೊಡ್ಡಬಳ್ಳಾಪುರದ ನೇಕಾರರ ಬೀದಿಯಲ್ಲಿ ಮದುವೆ ಎಂದರೆ ಅಕ್ಕಯ್ಯಮ್ಮ ಸೋಬಾನೆ ಹೇಳಲೇಬೇಕಿತ್ತು. ಗಂಟಲಿನ ಆಪರೇಷನ್ ಆದಮೇಲೆ ಅವರ ದನಿ ಪೂರ್ತಿ ನಿಂತುಹೋಯಿತು. ಅದಕ್ಕೂ ಮೊದಲು ಜಾನಪದ ಸಂಗ್ರಹಿಸುವವರು ಯಾರೋ ಬಂದು ಅವರಿಂದ ಹನ್ನೆರಡು ಪದ ಹಾಡಿಸಿಕೊಂಡು ಹೋಗಿದ್ದರು. ಮುಂದೆ ಅದು ಕಂಪ್ಯೂಟರಿನ ಸಿಡಿಯಾಗಿ ಅಂಚೆಯಲ್ಲಿ ಬಂತು. ಮನೆಯಲ್ಲಿ ಕಂಪ್ಯೂಟರ್ ಇರಲಿಲ್ಲ. ಸಿಡಿ ದೇವರ ಗೂಡಿನಲ್ಲೇ ಕೂತಿತ್ತು.

ತೊಂಬತ್ತೊಂಬತ್ತನೇ ಇಸವಿಯಲ್ಲಿ ಮೊಮ್ಮಗಳು ಸ್ನೇಹಳ ಮದುವೆ ಗೊತ್ತಾಯಿತು. ಅವಳ ತಾಯಿ ಅನಿತ, ಅತ್ತೆಯನ್ನು ಕರೆದುಕೊಂಡು ಆ ಸಿಡಿ ಹಿಡಿದು, ಅದೇ ಬೀದಿಯ ಒಂದು ಮಹಡಿಯಲ್ಲಿದ್ದ ನಂದಕುಮಾರನ ಕಂಪ್ಯೂಟರ್ ಕ್ಲಾಸಿಗೆ ಬಂದಳು.

"ಅರಿಶಿನ ಶಾಸ್ತ್ರದ ಪದ ಒಂದನ್ನ ಟೇಪಿಗೆ ಹಾಕ್ಕೊಡಪ್ಪ. ಮಗಳಿಗೆ ಅಜ್ಜಿ ದನೀಲೇ ಶಾಸ್ತ್ರ ಆಗ್ಲಿ ಅಂತ ಆಸೆ."

ನಂದಕುಮಾರ ಸಿಡಿ ಹಾಕಿದ. ಪರದೆಯಲ್ಲಿ ಅಕ್ಕಯ್ಯಮ್ಮನ ಫೋಟೋ ಬಂತು, ಒತ್ತಿದರೆ ಹಾಡು ಬಂತು. ಆದರೆ ಹಾಡುಗಳನ್ನೆಲ್ಲ ಒಂದೇ ದೊಡ್ಡ ಫೈಲಿನೊಳಗೆ ಕಟ್ಟಿಹಾಕಿದ್ದರು. ಸಿಡಿಯಲ್ಲೇ ಇದ್ದ ಪ್ರೋಗ್ರಾಂ ಬಿಟ್ಟು ಬೇರೆ ಯಾವುದರಲ್ಲೂ ಅದು ತೆರೆಯುತ್ತಿರಲಿಲ್ಲ, ಉಳಿಸಿಕೊಳ್ಳುವ ಗುಂಡಿಯೂ ಇರಲಿಲ್ಲ.

ಸ್ಪೀಕರಿನ ಮುಂದೆ ಟೇಪ್ ರೆಕಾರ್ಡರ್ ಇಟ್ಟು ನೋಡಿದ. ಕೆಳಗಿನ ಮನೆಯ ಪವರ್‌ಲೂಮಿನ ಸದ್ದೇ ಹಾಡಿಗಿಂತ ಜೋರಾಗಿ ಬಿತ್ತು. ಕರೆಂಟು ಹೋದರೆ ಮಗ್ಗ ನಿಲ್ಲುತ್ತಿತ್ತು, ಕಂಪ್ಯೂಟರೂ ನಿಲ್ಲುತ್ತಿತ್ತು. ಕಂಪ್ಯೂಟರಿನಿಂದ ಟೇಪಿಗೆ ನೇರವಾಗಿ ವೈರು ಎಳೆದರೆ ಹಾಡಿನುದ್ದಕ್ಕೂ ಗುಂಯ್ ಎನ್ನುವ ಸದ್ದು. ಕಂಪ್ಯೂಟರಿಗೆ ದನಿ ಕೊಡುವ ಅವನ ಸೌಂಡ್ ಕಾರ್ಡೋ, ಹಾಡು ನುಡಿಸುತ್ತಲೇ ಅದನ್ನು ರೆಕಾರ್ಡ್ ಮಾಡುತ್ತಿರಲಿಲ್ಲ.

ಬೆಂಗಳೂರಿನ ರೆಕಾರ್ಡಿಂಗ್ ಅಂಗಡಿಯಲ್ಲಿದ್ದ ಗೆಳೆಯ ಯೋಗಾನಂದನಿಗೆ ಫೋನ್ ಮಾಡಿದ.

"ಹೊರಗಡೆ ಯಾಕ್ ತರ್ತೀಯ ಗುರು, ಒಳಗೇ ತಿರುಗ್ಸು" ಎಂದ ಯೋಗಾನಂದ. "ಈಗ ಒಂದು ಸಾಫ್ಟ್‌ವೇರ್ ಬಂದಿದೆ. ಇಲ್ದೇ ಇರೋ ಸೌಂಡ್ ಕಾರ್ಡನ್ನ ಇದೆ ಅಂತ ತೋರ್ಸತ್ತೆ. ಒಂದು ಪ್ರೋಗ್ರಾಂ ಅದಕ್ಕೆ ಹಾಡಿದ್ರೆ ಇನ್ನೊಂದು ಅದರಿಂದ್ಲೇ ಕೇಳಿಸ್ಕೊಳ್ಳತ್ತೆ."

ಭಾನುವಾರ ಯೋಗಾನಂದ ತಾನೇ ಆ ಸಾಫ್ಟ್‌ವೇರಿನ ಫ್ಲಾಪಿ ತಂದು ಕೊಟ್ಟು, ಊಟ ಮಾಡಿಕೊಂಡು ಹೋದ. ಸೋಮವಾರ ಅತ್ತೆ ಸೊಸೆ ಮತ್ತೆ ಬಂದು ಕೂತರು. ಕಂಟ್ರೋಲ್ ಪ್ಯಾನೆಲಿನಲ್ಲಿ ನಿಜವಾದ ಸೌಂಡ್ ಕಾರ್ಡಿನ ಹೆಸರಿನ ಕೆಳಗೆ ಆ ಇಲ್ಲದ ಕಾರ್ಡಿನ ಹೆಸರೂ ಸೇರಿತ್ತು. ನಂದಕುಮಾರ ನುಡಿಸುವ ಸಾಧನವಾಗಿ ಅದನ್ನೇ ಆರಿಸಿದ. ರೆಕಾರ್ಡ್ ಮಾಡುವ ಪ್ರೋಗ್ರಾಮಿಗೂ ದನಿ ಅಲ್ಲಿಂದಲೇ ಬರಬೇಕೆಂದು ಸೂಚಿಸಿದ. ಸಿಡಿಯ ಪ್ರೋಗ್ರಾಂ ಮುಚ್ಚಿ ಮತ್ತೆ ತೆರೆದು ಹಾಡು ಒತ್ತಿದ. ಸ್ಪೀಕರ್ ಮೌನವಾಗಿತ್ತು.

"ಹೋಯ್ತಾ?" ಅನಿತಳ ಮುಖ ಇಳಿಯಿತು.

"ಇಲ್ಲಕ್ಕ. ದನಿ ಈಗ ಸ್ಪೀಕರ್ ಕಡೆ ಹೋಗ್ತಿಲ್ಲ, ನೇರ ರೆಕಾರ್ಡಿಗೆ ಹೋಗ್ತಿದೆ. ಈ ಹಸಿರು ಗೆರೆ ನೋಡಿ."

ಹಸಿರು ಗೆರೆ ಏರುತ್ತ ಇಳಿಯುತ್ತ ಕುಣಿಯುತ್ತಿತ್ತು. ಅಕ್ಕಯ್ಯಮ್ಮ ಕುರ್ಚಿ ಮುಂದೆಳೆದುಕೊಂಡು ಅದನ್ನೇ ನೋಡಿದರು. ಸ್ವಲ್ಪ ಹೊತ್ತಿಗೆ ಅವರ ತುಟಿ ಅಲುಗತೊಡಗಿತು. ಗೆರೆಯ ಏರಿಳಿತದಲ್ಲೇ ಅವರು ಪದ ಹಿಡಿದಿದ್ದರು.

ಮುಗಿದ ಮೇಲೆ ಸಾಧನವನ್ನು ಹಿಂದಿನಂತೆ ಬದಲಿಸಿ ನುಡಿಸಿದ. ಮಗ್ಗದ ಸದ್ದಿಲ್ಲ, ಗುಂಯ್ ಇಲ್ಲ. ಆದರೆ ಹಾಡಿನ ನಡುವೆ 'ಟಿಂಗ್' ಎಂದಿತು. ಏನೋ ಎಚ್ಚರಿಕೆ ಕೊಡಲು ವಿಂಡೋಸ್ ಮಾಡಿದ ಸದ್ದು ಅದೇ ದಾರಿಯಲ್ಲಿ ಹೋಗಿ ಸೇರಿಕೊಂಡಿತ್ತು. ನಂದಕುಮಾರ ಆ ಸದ್ದುಗಳನ್ನೆಲ್ಲ ನಿಲ್ಲಿಸಿ, ಬೇರೆ ಪ್ರೋಗ್ರಾಂ ಮುಚ್ಚಿ, ಮತ್ತೆ ರೆಕಾರ್ಡ್ ಮಾಡಿದ. ಈ ಸಲ ಹಾಡಿನ ಮೊದಲು ಅಕ್ಕಯ್ಯಮ್ಮ ಎಳೆದುಕೊಂಡ ಉಸಿರೂ ಕೇಳಿತು. ಅನಿತ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅಕ್ಕಯ್ಯಮ್ಮ ನಂದಕುಮಾರನ ಕೈ ಹಿಡಿದು ಎದೆಗೊತ್ತಿಕೊಂಡರು.

ಅವನ ಬಳಿ ಸಿಡಿ ಬರೆಯುವ ಯಂತ್ರ ಇರಲಿಲ್ಲ. ಹಾರ್ಡ್ ಡಿಸ್ಕನ್ನೇ ಬಿಚ್ಚಿ, ಟವೆಲಿನಲ್ಲಿ ಸುತ್ತಿ, ಬಸ್ಸಿನಲ್ಲಿ ಯೋಗಾನಂದನ ಅಂಗಡಿಗೆ ಒಯ್ದ. ಅಲ್ಲಿಂದ ಸಿಡಿಯೂ ಕ್ಯಾಸೆಟ್ಟೂ ಬಂದವು.

ಶಾಸ್ತ್ರದ ದಿನ ಸ್ನೇಹ ಮಣೆಯ ಮೇಲೆ ಕೂತಳು. ಟೇಪಿನಿಂದ ಅಜ್ಜಿಯ ದನಿ ಎದ್ದಾಗ ಮಾತಾಡುತ್ತಿದ್ದ ಹೆಂಗಸರು ಟೇಪಿನ ಕಡೆ ತಿರುಗಿದರು. ಎರಡನೇ ಸೊಲ್ಲಿಗೆ ಪಕ್ಕದ ಮನೆಯ ಪಾಪಕ್ಕ ದನಿ ಸೇರಿಸಿದಳು, ಮೂರನೆಯದಕ್ಕೆ ಎಲ್ಲರೂ. ಅಕ್ಕಯ್ಯಮ್ಮ ತೊಡೆಯ ಮೇಲೆ ತಾಳ ಹಾಕುತ್ತ, ತಪ್ಪಿದವರ ಕಡೆ ಬೆರಳಾಡಿಸುತ್ತ ಕೂತಿದ್ದರು. ಅರಿಶಿನ ಹಚ್ಚಿದ ಕೈಯಲ್ಲೇ ಸ್ನೇಹ ಅಜ್ಜಿಯ ಕೆನ್ನೆ ಮುಟ್ಟಿದಳು.

ಮದುವೆಯ ಮರುವಾರ ನಂದಕುಮಾರ ಪಾಠ ಮಾಡುತ್ತಿದ್ದಾಗ ಅಕ್ಕಯ್ಯಮ್ಮ ಸೊಸೆಯ ಜೊತೆ ಮೆಟ್ಟಿಲು ಹತ್ತಿ ಬಂದರು. ಕೈಯಲ್ಲಿ ಅಂಚೆಯಲ್ಲಿ ಬಂದಿದ್ದ ಅದೇ ಹಳೆಯ ಸಿಡಿ, ಸೊಸೆಯ ಕೈಯಲ್ಲಿ ಹೋಳಿಗೆಯ ಡಬ್ಬಿ.

"ಉಳಿದ ಹನ್ನೊಂದು ಪದಾನೂ ತೆಗೀಬೇಕಂತೆ" ಎಂದಳು ಅನಿತ. "ಪಾಪಕ್ಕನ ಮನೆ ಹುಡುಗೀರು ಕಲೀತೀವಿ ಅಂದವ್ರೆ."

"ಬನ್ನಿ ಅಜ್ಜಿ" ಎಂದು ನಂದಕುಮಾರ ಕುರ್ಚಿ ಬಿಟ್ಟುಕೊಟ್ಟ. ಎಲ್ಲ ಹೊಂದಿಸಿ, ಮೌಸನ್ನು ಅವರ ಕೈಯಡಿಗೆ ಸರಿಸಿದ. "ಈ ಕೆಂಪು ಚುಕ್ಕೆ ಒತ್ತಿ, ರೆಕಾರ್ಡ್ ಶುರುವಾಗತ್ತೆ."

ಅಕ್ಕಯ್ಯಮ್ಮ ಒತ್ತಿದರು.