ಅಧಿಕಪ್ರಸಂಗಿ ಚುಕ್ಕೆ

ಅಕ್ಕ ಹೋಗಿ ಇಪ್ಪತ್ತಮೂರು ದಿನವಾಗಿತ್ತು. ತಂಗಿ ಇನ್ನೂ ಅತ್ತಿರಲಿಲ್ಲ. ಬಂದವರೆಲ್ಲ ಗಟ್ಟಿಗಿತ್ತಿ ಎಂದು ಹೊಗಳಿ ಹೋದರು. ಗಟ್ಟಿಯೂ ಇಲ್ಲ, ಮಣ್ಣೂ ಇಲ್ಲ. ಅವಳಿಗೆ ಏನೂ ಅನ್ನಿಸುತ್ತಿರಲಿಲ್ಲ, ಅಷ್ಟೆ. ಬೆಳಿಗ್ಗೆ ಎದ್ದರೆ ಹಲ್ಲುಜ್ಜಬೇಕು ಎಂದು ಗೊತ್ತಾಗುತ್ತಿತ್ತು, ಉಜ್ಜುತ್ತಿದ್ದಳು. ಹತ್ತು ಗಂಟೆಗೆ ಪ್ರಕಾಶನದ ಆಫೀಸಿಗೆ ಹೋಗಬೇಕು, ಹೋಗುತ್ತಿದ್ದಳು.

ಅಲ್ಲಿ ಅವಳದು ಕರಡು ತಿದ್ದುವ ಕೆಲಸ. ಹದಿನಾಲ್ಕು ವರ್ಷದಿಂದ ಕೆಂಪು ಪೆನ್ನು ಹಿಡಿದು ಕಂಡವರ ತಪ್ಪು ಹುಡುಕಿದವಳು. ಆ ದಿನ ಮೇಜಿನ ಮೇಲಿದ್ದದ್ದು ಅಕ್ಕನ ಐದನೆಯ ಕವನ ಸಂಕಲನದ ಕೊನೆಯ ಕರಡು. ಸಂಜೆ ನಾಲ್ಕಕ್ಕೆ ಅದು ಮುದ್ರಣಕ್ಕೆ ಹೋಗಬೇಕಿತ್ತು.

ಅಕ್ಕ ಬರೆಯುತ್ತಿದ್ದದ್ದು ಇಂಗ್ಲಿಷಿನಲ್ಲಿ. ಅದೂ ಅವಳದೇ ಒಂದು ಹಟದಲ್ಲಿ. ಎಲ್ಲೂ ದೊಡ್ಡಕ್ಷರವಿಲ್ಲ, ತನ್ನನ್ನು ಹೇಳುವ 'ನಾನು' ಕೂಡ ಸಣ್ಣಕ್ಷರದಲ್ಲೇ. ಪೂರ್ಣವಿರಾಮ ಎಂಬ ಚುಕ್ಕೆ ಹುಡುಕಿದರೂ ಸಿಗದು. ಉಸಿರು ತೆಗೆದುಕೊಳ್ಳುವ ಕಡೆ ಎರಡು ಅಕ್ಷರದಷ್ಟು ಖಾಲಿ ಜಾಗ ಬಿಡುತ್ತಿದ್ದಳು. ಚುಕ್ಕೆ ಯಾಕಿಲ್ಲ ಎಂದು ಯಾರೋ ಕೇಳಿದ್ದಕ್ಕೆ, ನನ್ನ ಮಾತು ಯಾವಾಗ ಮುಗೀತು ಅಂತ ಇಡಲಿ ಎಂದು ನಕ್ಕಿದ್ದಳಂತೆ.

ಆದರೆ ಈ ಪುಸ್ತಕದ ಕೊನೆಯ ಏಳು ಕವಿತೆಗಳಲ್ಲಿ ಸಾಲುಸಾಲಿಗೂ ಚುಕ್ಕೆಗಳಿದ್ದವು. ಚುಕ್ಕೆಯಾದ ಮೇಲೆ ದೊಡ್ಡಕ್ಷರ. ಅವು ಆಸ್ಪತ್ರೆಯ ಹಾಸಿಗೆಯಲ್ಲಿ ಆದವು. ಅಕ್ಕನಿಗೆ ಕೈ ಎತ್ತಲಾಗುತ್ತಿರಲಿಲ್ಲ, ಅವಳು ಪಿಸುದನಿಯಲ್ಲಿ ಹೇಳುತ್ತಿದ್ದಳು, ತಂಗಿ ತನ್ನ ಫೋನಿನಲ್ಲಿ ಒತ್ತಿಕೊಳ್ಳುತ್ತಿದ್ದಳು. ಐದು ದಿನ ಕಣ್ಣಿಗೆ ಕಣ್ಣು ಹತ್ತಿಸದೆ ಕೂತಿದ್ದವಳಿಗೆ ಅಕ್ಕ ಚುಕ್ಕೆ ಇಡು ಎಂದಳೋ ಇಲ್ಲವೋ ಯಾವ ನೆನಪೂ ಇರಲಿಲ್ಲ. ಇದ್ದದ್ದನ್ನು ಇದ್ದ ಹಾಗೇ ಆಫೀಸಿಗೆ ಕಳಿಸಿದ್ದಳು.

ಪ್ರಕಾಶಕಿ ಮೇಡಂ ಅದನ್ನೇ ಹಿಡಿದು ಮುನ್ನುಡಿ ಬರೆದರು. ಬದುಕಿಡೀ ಚುಕ್ಕೆಯನ್ನು ಒಲ್ಲೆನೆಂದ ಕವಿ ಕೊನೆಗೆ ಅದನ್ನು ಒಪ್ಪಿಕೊಂಡರು, ಕೊನೆಯ ಕವಿತೆಯನ್ನು ತಾವೇ ಮುಗಿಸಿ ಶಾಂತರಾಗಿ ಹೋದರು, ಎಂದು. ಓದಿದವರ ಕಣ್ಣೆಲ್ಲ ಒದ್ದೆ. ತಂಗಿಗೂ ಆ ವಾಕ್ಯ ಬೇಕಾಗಿತ್ತು. ಸಾಂತ್ವನ ಹೇಳಲು ಬಂದವರಿಗೆಲ್ಲ ಅದನ್ನೇ ಹೇಳುತ್ತಿದ್ದಳು: ಮುಗಿಸಿಯೇ ಹೋದಳು. ಇಪ್ಪತ್ತಮೂರು ದಿನ ಅವಳು ನಿಂತಿದ್ದದ್ದು ಆ ಒಂದು ಮಾತಿನ ಮೇಲೆ.

ಅದಕ್ಕೆ ಕಲ್ಲು ಹಾಕಿದವರು ಗೆರೆಯಣ್ಣ. ಪುಟ ಜೋಡಿಸುವವರು, ಕಂಪ್ಯೂಟರ್ ಬಂದು ಎಷ್ಟು ವರ್ಷವಾದರೂ ಪರದೆಗೇ ಸ್ಕೇಲು ಹಿಡಿದು ಅಳೆಯುವುದರಿಂದ ಆ ಹೆಸರು. ಅಕ್ಕನ ಹಿಂದಿನ ನಾಲ್ಕೂ ಪುಸ್ತಕ ಅವರೇ ಕಟ್ಟಿದ್ದು. ಮಧ್ಯಾಹ್ನ ಎರಡರ ಸುಮಾರಿಗೆ ಕರಡು ಹಿಡಿದು ಬಂದು ಅವಳ ಎದುರು ಕೂತರು. ಈ ಏಳರಲ್ಲಿ ಚುಕ್ಕೆ ಬಂದದ್ದಿರಲಿ, ಎರಡೆರಡು ಖಾಲಿ ಜಾಗ ಒಂದೇ ಒಂದೂ ಇಲ್ಲವಲ್ಲ, ಅವೆಲ್ಲ ಎಲ್ಲಿ ಹೋದವು ಎಂದು ಕೇಳಿದರು.

ತಂಗಿಗೆ ತಿಳಿಯಲಿಲ್ಲ. ಅಕ್ಕ ಉಸಿರಿಗೆ ನಿಂತಾಗೆಲ್ಲ ತಾನು ಸ್ಪೇಸ್ ಎರಡು ಸಲ ಒತ್ತಿದ್ದೇನೆ, ಅದು ಮಾತ್ರ ಗ್ಯಾರಂಟಿ, ಕಂಪ್ಯೂಟರಿನಲ್ಲಿ ಅಕ್ಕನ ಕವಿತೆಗಳನ್ನು ಹಾಗೇ ಒತ್ತಿ ಒತ್ತಿ ರೂಢಿ ಎಂದಳು.

"ಫೋನ್ ತೆಗಿಯಮ್ಮ," ಎಂದರು ಗೆರೆಯಣ್ಣ. "ಏನಾದ್ರೂ ಒಂದು ಪದ ಬರಿ. ಸ್ಪೇಸ್ ಎರಡು ಸಲ ಒತ್ತು."

ಒತ್ತಿದಳು. ಎರಡನೆಯ ಸಲಕ್ಕೆ ಪದದ ಬಾಲಕ್ಕೆ ಚುಕ್ಕೆ ಬಂದು ಕೂತಿತು. ಮುಂದಿನ ಅಕ್ಷರ ಒತ್ತಿದರೆ ತಾನಾಗೇ ದೊಡ್ಡದು.

ಗೆರೆಯಣ್ಣ ಆಮೇಲೆ ಬೈದದ್ದು ಫೋನಿಗೆ. ಮನೆಗೆ ಬಂದ ನೆಂಟರು ಹೇಳದೆ ಕೇಳದೆ ಅಡುಗೆಮನೆ ಡಬ್ಬಿಗಳನ್ನೆಲ್ಲ ಜಾಗ ಬದಲಿಸಿಟ್ಟ ಹಾಗೆ ಇದು, ಉಪಕಾರವೇ, ಆದರೆ ಉಪ್ಪು ಎಲ್ಲಿದೆ ಅಂತ ನಾವು ಹುಡುಕಬೇಕು ಎಂದರು. ವಾರಕ್ಕೆ ಒಬ್ಬರಾದರೂ ಕವಿ ಇದೇ ಗೋಳು ತರುತ್ತಾರಂತೆ. ಕಂಪನಿಯಲ್ಲಿ ಕೂತು ಪತ್ರ ಬರೆಯುವವರಿಗೆ ಸುಖ, ಕವಿತೆ ಬರೆಯುವವರಿಗೆ ಕಾಟ. ಎಲ್ಲ ಫೋನಿನಲ್ಲೂ ಇದನ್ನು ಆಫ್ ಮಾಡಲು ಬರುತ್ತದೆ, ಎಲ್ಲಿದೆ ಅಂತ ಮಾತ್ರ ಯಾರೂ ಹೇಳುವುದಿಲ್ಲ.

ಅವಳ ಫೋನಿನಲ್ಲಿ ಅದು ಕೀಬೋರ್ಡಿನ ಮೇಲೇ ಇದ್ದ ಸೆಟ್ಟಿಂಗ್ಸಿನ ಹಲ್ಲುಚಕ್ರದ ಗುರುತಿನೊಳಗಿತ್ತು. ಅದನ್ನು ಒತ್ತಿ, ಪಠ್ಯ ತಿದ್ದುಪಡಿ ಎಂಬಲ್ಲಿಗೆ ಹೋದರೆ ಉದ್ದದ ಪಟ್ಟಿ. ವಾಕ್ಯದ ಮೊದಲಿಗೆ ದೊಡ್ಡಕ್ಷರ ಮಾಡುವುದು, ಎರಡು ಸ್ಪೇಸಿಗೆ ಪೂರ್ಣವಿರಾಮ ಇಡುವುದು, ಪದವನ್ನು ತಾನೇ ತಿದ್ದುವುದು, ಪ್ರತಿಯೊಂದರ ಎದುರಿಗೂ ಒಂದು ಪುಟ್ಟ ಗುಂಡಿ. ಮೂರನ್ನೂ ಆಫ್ ಮಾಡಿದಳು. ಅರ್ಧ ನಿಮಿಷದ ಕೆಲಸ. ಹಾಳಾದದ್ದನ್ನು ತಿಂಗಳ ಹಿಂದೆ ಮಾಡಿದ್ದರೆ ಆಗುತ್ತಿತ್ತು.

"ಮುಂದೆ ಬರೆಯೋದು ಸರಿಯಾಗತ್ತೆ," ಎಂದರು ಗೆರೆಯಣ್ಣ. "ಆಗ್ಲೇ ಬರೆದಿರೋದನ್ನ ಅದು ಮುಟ್ಟಲ್ಲ. ಅದನ್ನ ಕೈಯಲ್ಲೇ ತಿದ್ದಬೇಕು. ನಾಲ್ಕು ಗಂಟೆ ಅಂತ ನೋಡ್ಬೇಡ, ನಾನು ಪ್ರೆಸ್ಸಿಗೆ ಹೇಳ್ತೀನಿ."

ಕಂಪ್ಯೂಟರಿನಲ್ಲಿ ತಿದ್ದಬಹುದಿತ್ತು. ಅವಳು ಫೋನಿನಲ್ಲೇ, ಮೊದಲಿಂದ ಮತ್ತೆ ಒತ್ತಿದಳು. ಎಲ್ಲಿ ಚುಕ್ಕೆ ಇತ್ತೋ ಅಲ್ಲಿ ಸ್ಪೇಸ್ ಎರಡು ಸಲ. ಚುಕ್ಕೆ ಬರಲಿಲ್ಲ, ಜಾಗ ಜಾಗವಾಗಿಯೇ ಉಳಿಯಿತು. ಒಂದು ಕವಿತೆ, ಎರಡು, ಮೂರು. ಅಕ್ಕನ ಉಸಿರು ಎಲ್ಲೆಲ್ಲಿ ಸಿಕ್ಕಿಕೊಂಡಿತ್ತು ಎಂದು ಬೆರಳಿಗೆ ತಿಳಿಯುತ್ತಾ ಹೋಯಿತು. ಆಗಲೂ ಅವಳಿಗೆ ಏನೂ ಅನ್ನಿಸಲಿಲ್ಲ. ಕೆಲಸ ಕೈಯಲ್ಲಿತ್ತು, ಮಾಡುತ್ತಿದ್ದಳು.

ಏಳನೆಯದು ಚಿಕ್ಕದು. ಕಿಟಕಿಯ ಆಚೆ ಯಾರೋ ಸೈಕಲ್ ಒರಸುತ್ತಿದ್ದಾರೆ, ಒರಸಿದ್ದನ್ನೇ ಒರಸುತ್ತಿದ್ದಾರೆ, ನಾನು ನೋಡುತ್ತಿದ್ದೇನೆ. ಅಷ್ಟೇ. ಕೊನೆಯ ಪದ ಒತ್ತಿದಳು. ಕರಡಿನಲ್ಲಿ ಅದರ ಮುಂದೆಯೂ ಚುಕ್ಕೆಯಿತ್ತು. ರೂಢಿಯಂತೆ ಸ್ಪೇಸ್ ಎರಡು ಸಲ ಒತ್ತಿದಳು.

ಏನೂ ಬರಲಿಲ್ಲ. ಖಾಲಿ ಜಾಗದ ಆಚೆ ನಿಂತು ಕರ್ಸರ್ ಮಿಟುಕುತ್ತಿತ್ತು.

ಗೆರೆಯಣ್ಣ ಟೀ ತಂದಿಟ್ಟು ಹೋದರು. ಅದು ಆರಿತು. ಪ್ರಕಾಶಕಿ ಮೇಡಂ ಬಾಗಿಲಲ್ಲಿ ಬಂದು ನಿಂತರು. ವಿಷಯ ಗೆರೆಯಣ್ಣ ಹೇಳಿದ್ದರು. ಮುನ್ನುಡಿಯ ಒಂದು ಪ್ಯಾರಾ ತೆಗೆದರಾಯಿತು, ಬೇಜಾರೇನಿಲ್ಲ. ಆದರೆ ಕೊನೆಯ ಕವಿತೆಯನ್ನು ಮುಗಿಸಿಯೇ ಹೋದರು ಎಂಬ ಮಾತು ಇರಲಿ, ಓದುವವರಿಗೂ ನಿನಗೂ ಅದೊಂದು ಸಮಾಧಾನ, ಎಂದರು.

ತಂಗಿ ಫೋನಿನಿಂದ ಕಣ್ಣು ತೆಗೆಯಲಿಲ್ಲ.

"ಮುಗಿಸಿರಲಿಲ್ಲ ಮೇಡಂ," ಎಂದಳು. "ಅವಳು ಸುಮ್ನಾದ್ಲು. ನಾನು ಎರಡು ಸಲ ಒತ್ತಿ ಕಾಯ್ತಾ ಇದ್ದೆ. ಬಗ್ಗಿ ಫೋನ್ ನೋಡಿದ್ರೆ ಚುಕ್ಕೆ ಬಂದಿತ್ತು. ಮುಗೀತು ಅಂದ್ಕೊಂಡೆ. ಚೆನ್ನಾಗಿದೆ ಅಕ್ಕ, ಇನ್ನು ಮಲಗು ಅಂತ ಫೋನ್ ಬ್ಯಾಗಿಗೆ ಹಾಕ್ದೆ."

ಮೇಡಂ ಒಳಗೆ ಬಂದು ಅವಳ ಭುಜದ ಮೇಲೆ ಕೈಯಿಟ್ಟರು. ನಿನಗೆ ಹೇಗೆ ಗೊತ್ತಾಗಬೇಕಿತ್ತು ಹೇಳು, ಅಲ್ಲಿಗೇ ನಿಲ್ಲಿಸಿದ್ದರೂ ನಿಲ್ಲಿಸಿರಬಹುದು ಎಂದರು.

"ಇಲ್ಲ. ಬೆರಳೆತ್ತಿದ್ಲು," ಎಂದಳು ತಂಗಿ. "ಒಂದೇ ಬೆರಳು, ತಾಳು ಅನ್ನೋ ಹಾಗೆ. ಚಳಿ ಆಗ್ತಿದೆಯೇನೋ ಅಂತ ನಾನು ಆ ಕೈ ಹಿಡಿದು ಹೊದಿಕೆ ಒಳಗೆ ಇಟ್ಟೆ."